ಆಮಂತ್ರಣ ಪತ್ರಿಕೆಯಲ್ಲಿ ಬರೆಯದ ನಿಮಿಷಗಳು

ನಮ್ಮ ಊರುಗಳ ಸಮಾರಂಭದ ಆಮಂತ್ರಣ ಪತ್ರಿಕೆಯಲ್ಲಿ ಯಾರಿಂದ ಉದ್ಘಾಟನೆ, ಯಾರ ಅಧ್ಯಕ್ಷತೆ, ಯಾರ ಘನ ಉಪಸ್ಥಿತಿ ಎಂಬುದೆಲ್ಲ ಇರುತ್ತದೆ. ಯಾರು ಎಷ್ಟು ನಿಮಿಷ ಮಾತಾಡುತ್ತಾರೆ ಎಂಬುದು ಮಾತ್ರ ಇರುವುದಿಲ್ಲ. ಸಭಾಂಗಣದಲ್ಲಿ ಕೂತವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಅತಿಥಿಗಳು ತಡವಾಗಿ ಬಂದರೆ ಪಕ್ಕದವರ ಜೊತೆ ಮಾತಾಡಿಕೊಂಡಿರುತ್ತಾರೆ, ಮೈಕ್ ಕೈಕೊಟ್ಟರೆ ಸರಿಯಾಗುವವರೆಗೆ ಕಾಯುತ್ತಾರೆ. ಅದೇ ಸಮಾರಂಭವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದಾಗ, ದುಬೈನಲ್ಲೋ ನ್ಯೂಜೆರ್ಸಿಯಲ್ಲೋ ಮೊಬೈಲ್ ಹಿಡಿದು ಕೂತವರಿಗೆ ಕಾಣುವುದು ಖಾಲಿ ವೇದಿಕೆಯೊಂದೇ. ಮುಂದೇನು, ಎಷ್ಟು ಹೊತ್ತು ಎಂದು ತಿಳಿಯದಿದ್ದರೆ ಅವರು ಬೇರೆ ವಿಡಿಯೊಗೆ ಹೋಗುತ್ತಾರೆ. ಹೋದವರು ಸಾಮಾನ್ಯವಾಗಿ ಮರಳುವುದಿಲ್ಲ.

ಆದ್ದರಿಂದ ನೇರಪ್ರಸಾರಕ್ಕೆ ಆಮಂತ್ರಣ ಪತ್ರಿಕೆಯ ಜೊತೆಗೆ ಇನ್ನೊಂದು ಹಾಳೆ ಬೇಕು. ಟಿ.ವಿ. ವಾಹಿನಿಗಳಲ್ಲಿ ಅದನ್ನು ರನ್‌ಡೌನ್ ಎನ್ನುತ್ತಾರೆ, ಕಾರ್ಯಕ್ರಮ ನಡೆಸುವ ಕಂಪನಿಗಳು ರನ್ ಆಫ್ ಶೋ ಎನ್ನುತ್ತವೆ. ಆಕಾಶವಾಣಿಯವರು ಇದೇ ಕೆಲಸವನ್ನು ಕ್ಯೂ ಶೀಟಿನಲ್ಲಿ ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಅಲ್ಲಿ ವಾರ್ತೆ ಶುರುವಾಗುವ ಹೊತ್ತು ಅಲುಗಾಡುವಂತಿಲ್ಲ, ಅದು ‘ಫಿಕ್ಸೆಡ್ ಪಾಯಿಂಟ್’. ಅದಕ್ಕೆ ಮುಂಚಿನ ಭಾಷಣ ಬೇಗ ಮುಗಿದರೆ ಉಳಿದ ಹೊತ್ತಿಗೆ ಒಂದು ವಾದ್ಯಸಂಗೀತ, ಅದು ‘ಫಿಲ್ಲರ್’. ಇಂದಿನ ನೇರಪ್ರಸಾರಕ್ಕೂ ಇವೇ ಎರಡು ಆಧಾರ: ಕದಲದ ಹೊತ್ತು ಮತ್ತು ಹಿಗ್ಗಿಸಿ ಕುಗ್ಗಿಸಬಹುದಾದ ಹೊತ್ತು. ಎರಡರಲ್ಲಿ ಯಾವುದು ಯಾವುದೆಂದು ಗುರುತಿಸದೆ ಬರೀ ಸಮಯಗಳನ್ನು ಸಾಲಾಗಿ ಬರೆದರೆ ಆ ಹಾಳೆ ಮೊದಲ ತಡದಲ್ಲೇ ನಿರುಪಯುಕ್ತವಾಗುತ್ತದೆ.

ಕೆಲವು ಕಾರ್ಯಕ್ರಮಗಳಲ್ಲಿ ಕದಲದ ಹೊತ್ತನ್ನು ನಿಸರ್ಗವೇ ಗೊತ್ತುಮಾಡಿರುತ್ತದೆ. 2023ರ ಆಗಸ್ಟ್ 23ರ ಸಂಜೆ ಇಸ್ರೋ ಚಂದ್ರಯಾನ-3ರ ನೇರಪ್ರಸಾರವನ್ನು 5:20ಕ್ಕೆ ಆರಂಭಿಸಿತು. ಲ್ಯಾಂಡರ್ ಕೆಳಗಿಳಿಯತೊಡಗಬೇಕಾದದ್ದು 5:44ರ ಸುಮಾರಿಗೆ, ನೆಲ ಮುಟ್ಟಬೇಕಾದದ್ದು 6:04ಕ್ಕೆ. ಆ ಎರಡು ಹೊತ್ತುಗಳನ್ನು ಯಾವ ನಿರೂಪಕರೂ ಮುಂದೂಡಲಾರರು. ಉಳಿದ ಮಾತು, ವಿವರಣೆ, ಚಿತ್ರಗಳೆಲ್ಲ ಅವುಗಳ ಸುತ್ತ ಹೊಂದಿಕೊಳ್ಳಬೇಕು.

ತಾಲ್ಲೂಕು ಕೇಂದ್ರದ ಒಂದು ಕಾಲೇಜಿನ ಸಭಾಂಗಣದಲ್ಲಿ ನವೆಂಬರ್ 1ರ ಸಂಜೆ ರಾಜ್ಯೋತ್ಸವ ನಡೆಯಲಿದೆ ಎಂದುಕೊಳ್ಳೋಣ. ಪ್ರಸಾರ 6:30ರಿಂದ 8:00ರವರೆಗೆ. ನಾಡಗೀತೆ, ದೀಪ ಬೆಳಗುವುದು, ಅಧ್ಯಕ್ಷರ ಮಾತು, ಐವರು ಕವಿಗಳ ಕವಿಗೋಷ್ಠಿ, ಅಮೆರಿಕದ ನ್ಯೂಜೆರ್ಸಿಯಿಂದ ಅತಿಥಿಯೊಬ್ಬರ ಆನ್‌ಲೈನ್ ಉಪನ್ಯಾಸ, ಕೊನೆಗೆ ಭಾವಗೀತೆಗಳು. ಇಲ್ಲಿ ಕದಲದ ಹೊತ್ತು ಅತಿಥಿಯದು. ಅವರಿಗೆ 7:10 ಎಂದು ಹೇಳಿಯಾಗಿದೆ, ಅವರು ಅಲ್ಲಿ ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ.

ಅವರ ಗಡಿಯಾರದಲ್ಲಿ ಆಗ ಎಷ್ಟು ಗಂಟೆ ಎಂಬುದನ್ನೇ ಮೊದಲು ನೋಡಬೇಕು. ಅಮೆರಿಕದಲ್ಲಿ ನವೆಂಬರ್ ತಿಂಗಳ ಮೊದಲ ಭಾನುವಾರ ಬೆಳಗಿನ ಜಾವ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2025ರಲ್ಲಿ ನವೆಂಬರ್ 1 ಶನಿವಾರವಾಗಿತ್ತು. ನಮ್ಮ ಸಂಜೆ 7:10 ಅವರಿಗೆ ಬೆಳಿಗ್ಗೆ 9:40. 2026ರಲ್ಲಿ ನವೆಂಬರ್ 1 ಭಾನುವಾರವೇ ಬರುತ್ತದೆ. ಆಗ ಅದೇ 7:10 ಅವರಿಗೆ 8:40. ಹಿಂದಿನ ವರ್ಷದ ಹಾಳೆಯನ್ನು ನಕಲು ಮಾಡಿದವರು ಅತಿಥಿಗೆ ಒಂದು ಗಂಟೆ ತಪ್ಪು ಹೇಳುತ್ತಾರೆ. ಹಾಗಾಗಿ ರನ್‌ಡೌನಿನಲ್ಲಿ ದೂರದ ಅತಿಥಿಯ ಸಾಲಿನಲ್ಲಿ ಎರಡೂ ಊರಿನ ಸಮಯವನ್ನು ಬರೆದು, ಅತಿಥಿಯಿಂದಲೇ ಒಮ್ಮೆ ಓದಿಸಿಕೊಳ್ಳುವುದು ಒಳ್ಳೆಯದು.

ಇನ್ನು 7:10ರಿಂದ ಹಿಂದಕ್ಕೆ ಲೆಕ್ಕ ಹಾಕೋಣ. ಪ್ರಸಾರ ಶುರುವಾಗುವುದು 6:30ಕ್ಕೆ, ಅಂದರೆ ಕೈಯಲ್ಲಿರುವುದು 40 ನಿಮಿಷ. ಶೀರ್ಷಿಕೆ ವಿಡಿಯೊ 40 ಸೆಕೆಂಡು, ನಿರೂಪಕಿಯ ಸ್ವಾಗತ ಒಂದೂವರೆ ನಿಮಿಷ; ಆಗ ಗಡಿಯಾರ 6:32:10. ನಾಡಗೀತೆಯ ಅವಧಿಯನ್ನು ಊಹಿಸಬೇಕಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಅಂಗೀಕರಿಸಿ 2 ನಿಮಿಷ 30 ಸೆಕೆಂಡು ಎಂದು ಗೊತ್ತುಮಾಡಿದೆ. ಅಲ್ಲಿಗೆ 6:34:40. ದೀಪಕ್ಕೆ 3 ನಿಮಿಷ, ಅಧ್ಯಕ್ಷರಿಗೆ 5 ನಿಮಿಷ, 6:42:40. ಐವರು ಕವಿಗಳಿಗೆ ತಲಾ ನಾಲ್ಕು ನಿಮಿಷ, ಪ್ರತಿಯೊಬ್ಬರ ಪರಿಚಯಕ್ಕೆ ಅರ್ಧ ನಿಮಿಷ, ಒಟ್ಟು ಇಪ್ಪತ್ತೆರಡೂವರೆ ನಿಮಿಷ, 7:05:10. ಉಳಿಯುವುದು 4 ನಿಮಿಷ 50 ಸೆಕೆಂಡು. ಆ ಜಾಗದಲ್ಲಿ ಊರಿನ ಹಳೆಯ ಚಿತ್ರಗಳ 3 ನಿಮಿಷ 20 ಸೆಕೆಂಡಿನ ವಿಡಿಯೊ ಮತ್ತು ಅತಿಥಿಯನ್ನು ಪರಿಚಯಿಸುವ ಒಂದೂವರೆ ನಿಮಿಷದ ಮಾತು. ಸರಿಯಾಗಿ 7:10.

ಈ ವಿಡಿಯೊವನ್ನು ಕಾರ್ಯಕ್ರಮದ ಆರಂಭದಲ್ಲಿ ಇಡಬಹುದಿತ್ತು, ನೋಡುವುದಕ್ಕೂ ಚೆನ್ನಾಗಿರುತ್ತಿತ್ತು. ಕದಲದ ಹೊತ್ತಿನ ಮುಂದೆಯೇ ಇಟ್ಟದ್ದು ಬೇಕೆಂದೇ. ಬಿಟ್ಟರೆ ಯಾರಿಗೂ ಅವಮಾನವಾಗದ ಭಾಗ ಅದು. ಹಿರಿಯ ಕವಿಗೆ ‘ನಿಮ್ಮ ಸರದಿ ರದ್ದಾಗಿದೆ’ ಎನ್ನಲಾಗದು, ವಿಡಿಯೊ ಬೇಸರಪಟ್ಟುಕೊಳ್ಳುವುದಿಲ್ಲ.

ಅದರ ಬೆಲೆ ತಿಳಿಯುವುದು ದೀಪದ ಹೊತ್ತಿಗೆ. ನಮ್ಮ ಸಮಾರಂಭಗಳಲ್ಲಿ ಅಂದಾಜು ಹೆಚ್ಚಾಗಿ ತಪ್ಪುವುದು ಅಲ್ಲೇ ಎಂಬುದು ನನ್ನ ಅನುಭವ. ಪತ್ರಿಕೆಯಲ್ಲಿ ಹೆಸರಿಲ್ಲದ ಗಣ್ಯರನ್ನೂ ವೇದಿಕೆಗೆ ಕರೆಯುತ್ತಾರೆ, ಮೇಲಿನ ಫ್ಯಾನಿಗೆ ಬತ್ತಿ ಆರುತ್ತದೆ, ಫೋಟೊ ತೆಗೆಯುವವರು ಇನ್ನೊಮ್ಮೆ ನಿಲ್ಲಿ ಎನ್ನುತ್ತಾರೆ. ಮೂರು ನಿಮಿಷದ ಕೆಲಸ ಎಂಟು ನಿಮಿಷವಾಯಿತು ಎಂದಿಟ್ಟುಕೊಳ್ಳಿ. ದೀಪ ಮುಗಿದಾಗ 6:42:40. ಅಧ್ಯಕ್ಷರು ಮಾತು ಮುಗಿಸಿದಾಗ 6:47:40, ಕವಿಗೋಷ್ಠಿ ಮುಗಿಯುವುದು 7:10:10. ಸಮಯ ನೋಡುವವರು ಆಗ ಗಾಬರಿಯಾಗಬೇಕಿಲ್ಲ. ದೀಪ ಮುಗಿದ ಕೂಡಲೇ ಅವರು ಹೆಡ್‌ಸೆಟ್‌ನಲ್ಲಿ ಹೇಳುವುದು ಇಷ್ಟೇ: “ಐದು ನಿಮಿಷ ಹಿಂದಿದ್ದೇವೆ. ಚಿತ್ರಗಳ ವಿಡಿಯೊ ಇಲ್ಲ. ಅತಿಥಿ ಪರಿಚಯ ಒಂದೇ ವಾಕ್ಯ.” ಅತಿಥಿ 7:10 ದಾಟಿ ಹತ್ತಿಪ್ಪತ್ತು ಸೆಕೆಂಡಿಗೆ ಪರದೆಯ ಮೇಲಿರುತ್ತಾರೆ. ಮನೆಯಲ್ಲಿ ನೋಡುವವರಿಗೆ ಏನೋ ಬಿಟ್ಟುಹೋಯಿತೆಂಬ ಸುಳಿವೂ ಇರುವುದಿಲ್ಲ.

ಕವಿಗಳೂ ಒಂದೊಂದು ನಿಮಿಷ ಹೆಚ್ಚು ತೆಗೆದುಕೊಂಡರೆ? ಕುಗ್ಗಿಸಲು ಇನ್ನೇನೂ ಉಳಿದಿಲ್ಲ. ಅದಕ್ಕೆ ಹಾಳೆಯಲ್ಲೇ ಇನ್ನೊಂದು ಸಾಲು: ‘6:57ಕ್ಕೆ ಎರಡನೆಯ ಕವಿ ಇನ್ನೂ ಓದುತ್ತಿದ್ದರೆ ಐದನೆಯವರು ಉಪನ್ಯಾಸದ ನಂತರ.’ ಲೆಕ್ಕ ಸರಳ. ಐದು ನಿಮಿಷ ತಡವಾಗಿ ಶುರುವಾದರೂ ಎರಡನೆಯ ಕವಿ 6:56:40ಕ್ಕೆ ಮುಗಿಸಬೇಕು. ಆ ಐದನೆಯ ಕವಿಗೆ ಈ ಸಾಧ್ಯತೆಯನ್ನು ಕಾರ್ಯಕ್ರಮದ ಮುಂಚೆಯೇ ಹೇಳಿ ಒಪ್ಪಿಗೆ ಪಡೆದಿರಬೇಕು. ವೇದಿಕೆಯ ಪಕ್ಕದಲ್ಲಿ ಆ ಹೊತ್ತಿಗೆ ಹೇಳಿದರೆ ಅದು ಮನಸ್ತಾಪ, ಮಧ್ಯಾಹ್ನ ಹೇಳಿದರೆ ಏರ್ಪಾಡು.

ಸಮಯದ ನಂತರ ಕ್ಯೂ. ಯಾವ ಕ್ಷಣದಲ್ಲಿ ಯಾರು ಏನು ಮಾಡಬೇಕು ಎಂಬ ಸೂಚನೆ ಅದು. ಗಡಿಯಾರ ನೋಡಿ ಕ್ಯೂ ಕೊಡಬಹುದಾದ ಸಂದರ್ಭಗಳು ಕಡಿಮೆ. ಹೆಚ್ಚಿನವು ಒಂದು ಮಾತಿಗೋ ಒಂದು ಚಲನೆಗೋ ಅಂಟಿಕೊಂಡಿರುತ್ತವೆ. ಹಾಗಾಗಿ ವಿಡಿಯೊ ಇರುವ ಸಾಲಿನಲ್ಲಿ ಅದರ ಅವಧಿಯ ಜೊತೆಗೆ ಕೊನೆಯ ಮಾತು ಮತ್ತು ಕೊನೆಯ ಚಿತ್ರವನ್ನೂ ಬರೆಯುತ್ತಾರೆ. ಆ ಮಾತು ಕೇಳಿದಾಗ ಮುಂದಿನ ಕ್ಯಾಮೆರಾ ಸಿದ್ಧವಿರಬೇಕು. ಭಾಷಣಕ್ಕೆ ಕೊನೆಯ ಮಾತು ಗೊತ್ತಿರುವುದಿಲ್ಲ. ‘ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ’ ಎಂದ ಮೇಲೂ ಮೂರು ನಿಮಿಷ ಮಾತಾಡುವವರಿದ್ದಾರೆ. ಅಲ್ಲಿ ಮಾತನ್ನು ನಂಬದೆ ಚಲನೆಯನ್ನು ನಂಬಬೇಕು: ಭಾಷಣಕಾರರು ಪೋಡಿಯಂ ಬಿಟ್ಟು ಕದಲಿದಾಗ ವೇದಿಕೆ ಪೂರ್ತಿ ಕಾಣುವ ಕ್ಯಾಮೆರಾ, ನಿರೂಪಕಿ ಮೈಕ್ ಮುಟ್ಟಿದಾಗ ಅವರ ಹತ್ತಿರದ ಚಿತ್ರ.

ಕ್ಯೂ ಕೊಡುವುದು ಒಬ್ಬರೇ ಆಗಿರಬೇಕು. ಸಂಘದ ಕಾರ್ಯದರ್ಶಿ ವೇದಿಕೆಯ ಪಕ್ಕದಿಂದ ಕೈಬೀಸುವುದು, ಧ್ವನಿಯವರು ತಾವೇ ಊಹಿಸಿ ಮೈಕ್ ಮುಚ್ಚುವುದು, ಎರಡೂ ಬೇಡ. ಆ ಒಬ್ಬರು ಮೊದಲು ಎಚ್ಚರಿಸುತ್ತಾರೆ, ಆಮೇಲೆ ನಡೆಸುತ್ತಾರೆ. “ನಾಡಗೀತೆ ಮೈಕ್ ಸ್ಟ್ಯಾಂಡ್‌ಬೈ. ಕ್ಯಾಮೆರಾ ಎರಡು ಸ್ಟ್ಯಾಂಡ್‌ಬೈ.” ಇಬ್ಬರೂ “ರೆಡಿ” ಎಂದ ಮೇಲೆ, “ಮೈಕ್ ಗೋ. ಎರಡು ಗೋ.” ಈ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಧ್ವನಿಯ ಕ್ಯೂ ಚಿತ್ರಕ್ಕಿಂತ ಒಂದು ಕ್ಷಣ ಮೊದಲು ಹೋಗಬೇಕು. ಚಿತ್ರ ಬದಲಾಗಲು ಅರೆಕ್ಷಣ ತಡವಾದರೆ ಯಾರೂ ಗಮನಿಸುವುದಿಲ್ಲ, ಮೈಕ್ ತಡವಾದರೆ ಹಾಡಿನ ಮೊದಲ ಪದವೇ ಹೋಗುತ್ತದೆ. ಇನ್ನೊಂದು ನಿಯಮ, ‘ಗೋ’ ಎಂಬ ಪದವನ್ನು ಹೆಡ್‌ಸೆಟ್‌ನಲ್ಲಿ ಬೇರೆ ಯಾವ ಮಾತಿನಲ್ಲೂ ಬಳಸಬಾರದು.

ನೇರಪ್ರಸಾರಕ್ಕೇ ವಿಶೇಷವಾದ ಕ್ಯೂ ಒಂದಿದೆ. ಯೂಟ್ಯೂಬಿನಲ್ಲಿ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಸಭಾಂಗಣದ ಚಿತ್ರ ವೀಕ್ಷಕರಿಗೆ ತಲುಪುವುದು ಸುಮಾರು ಇಪ್ಪತ್ತು ಮೂವತ್ತು ಸೆಕೆಂಡು ತಡವಾಗಿ. ನಿರೂಪಕಿ ಉಪನ್ಯಾಸ ಮುಗಿದ ಮೇಲೆ “ಈಗ ನಿಮ್ಮ ಪ್ರಶ್ನೆಗಳನ್ನು ಬರೆಯಿರಿ” ಎಂದರೆ, ಆ ಮಾತು ತಲುಪಿ, ಅವರು ಟೈಪ್ ಮಾಡಿ, ಅದು ಇಲ್ಲಿಗೆ ಬರುವಷ್ಟರಲ್ಲಿ ಒಂದೂವರೆ ನಿಮಿಷ ಮೌನ. ಆದ್ದರಿಂದ ಪ್ರಶ್ನೆ ಕೇಳಿ ಎಂಬ ಸಾಲನ್ನು ಪರದೆಯ ಕೆಳಗೆ 7:16ಕ್ಕೇ ಹಾಕಬೇಕು. 7:22ಕ್ಕೆ ಪ್ರಶ್ನೋತ್ತರ ಶುರುವಾಗುವಾಗ ಮೂರು ಪ್ರಶ್ನೆಗಳು ನಿರೂಪಕಿಯ ಕೈಯಲ್ಲಿ ಕಾಗದದ ಮೇಲೆ ಇರಬೇಕು. ಅತಿಥಿ ಪರದೆಯಲ್ಲಿರುವ ಈ ಇಪ್ಪತ್ತು ನಿಮಿಷದಲ್ಲೇ ವೇದಿಕೆಯ ಮೇಲೆ ಸದ್ದಿಲ್ಲದೆ ಹಾರ್ಮೋನಿಯಂ, ತಬಲಾಗಳಿಗೆ ಮೈಕ್ ಜೋಡಿಸಿಬಿಡಬಹುದು. ಸಭಿಕರೂ ಪರದೆಯನ್ನೇ ನೋಡುತ್ತಿರುತ್ತಾರೆ.

ಈಗ ಹಾಳೆಯ ಕೊನೆಯ ಕಾಲಂ, ಕೈಕೊಟ್ಟರೆ ಏನು ಎಂಬುದು. ಅಲ್ಲಿ ಹೆಚ್ಚಿನವರು ‘ಬ್ಯಾಕಪ್ ಇದೆ’ ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಯಾವ ಲಕ್ಷಣ ಕಂಡಾಗ, ಎಷ್ಟು ಸೆಕೆಂಡು ಕಾದು, ಯಾರ ತೀರ್ಮಾನದಂತೆ, ಏನು ಮಾಡುವುದು, ಈ ನಾಲ್ಕೂ ಇದ್ದರೆ ಮಾತ್ರ ಅದು ಪರ್ಯಾಯ. ಹತ್ತು ಸೆಕೆಂಡು ಕಾಯಬೇಕೋ ಒಂದು ನಿಮಿಷ ಕಾಯಬೇಕೋ ಎಂದು ಆ ಹೊತ್ತಿಗೆ ಚರ್ಚೆ ಮಾಡುತ್ತ ಕೂತರೆ ಚರ್ಚೆಯಲ್ಲೇ ನಿಮಿಷ ಕಳೆಯುತ್ತದೆ.

ಅತಿಥಿಯ ಸಾಲನ್ನೇ ನೋಡಿ. ಅವರ ಚಿತ್ರ ನಿಂತು ಧ್ವನಿ ಮಾತ್ರ ಬರುತ್ತಿದ್ದರೆ, ಹದಿನೈದು ಸೆಕೆಂಡು ಕಾದು ಅವರ ಫೋಟೊ ಹಾಕಿ ಮಾತು ಮುಂದುವರಿಸುವುದು. ಮಾತು ಕೇಳುವವರೆಗೆ ವೀಕ್ಷಕರು ಇರುತ್ತಾರೆ. ಧ್ವನಿಯೂ ಹೋಗಿ ಹತ್ತು ಸೆಕೆಂಡಾದರೆ ನಿರೂಪಕಿ ಪರದೆಗೆ ಬರುತ್ತಾರೆ. ಒಂದು ನಿಮಿಷದೊಳಗೆ ಸಂಪರ್ಕ ಸಿಗದಿದ್ದರೆ ಅತಿಥಿ ಹಿಂದಿನ ದಿನ ಕಳಿಸಿಟ್ಟ ಹತ್ತು ನಿಮಿಷದ ಧ್ವನಿಮುದ್ರಿತ ಭಾಷಣ. ಅದನ್ನು ಅತಿಥಿಯಿಂದ ಕೇಳಿ ಪಡೆಯಲು ಸಂಕೋಚಪಡುವವರಿದ್ದಾರೆ. ಸಂಕೋಚ ಬೇಡ, ಕಾರಣ ಹೇಳಿದರೆ ಯಾರೂ ಬೇಡವೆನ್ನುವುದಿಲ್ಲ. ದೂರದ ಅತಿಥಿಯ ಮಾತು ಪ್ರತಿಧ್ವನಿಸತೊಡಗಿದರೆ ದೋಷ ಇಂಟರ್‌ನೆಟ್ಟಿನದಲ್ಲ. ಅವರಿಗೆ ಕಳಿಸುವ ಧ್ವನಿಯಲ್ಲಿ ಅವರದೇ ಧ್ವನಿ ಸೇರಿಕೊಂಡಿದೆ ಎಂದರ್ಥ. ಸಭಾಂಗಣದ ಬೇರೆಲ್ಲ ಧ್ವನಿ ಹೋಗಲಿ, ಅವರದು ಮಾತ್ರ ಮಿಕ್ಸರಿನಿಂದ ಅವರಿಗೇ ಮರಳಬಾರದು. ಇದನ್ನು 6:00ಕ್ಕೆ ಅತಿಥಿಯ ಜೊತೆ ಎರಡು ನಿಮಿಷ ಮಾತಾಡಿ ಪರೀಕ್ಷಿಸಬೇಕು.

ಆ ಒಂದು ನಿಮಿಷ ನಿರೂಪಕಿ ಏನು ಹೇಳಬೇಕು? ಅದನ್ನೂ ಮೊದಲೇ ಬರೆದು ಅವರ ಕೈಯಲ್ಲಿಡಬೇಕು. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ, ಚಂದ್ರಯಾನ-2ರ ವಿಕ್ರಮ್ ಲ್ಯಾಂಡರಿನ ಸಂಪರ್ಕ ಕಡಿದಾಗ ಬೆಂಗಳೂರಿನ ಇಸ್ರೋ ಕೇಂದ್ರದಿಂದ ನೇರಪ್ರಸಾರವನ್ನು ದೇಶವೇ ನೋಡುತ್ತಿತ್ತು. ಆಗಿನ ಅಧ್ಯಕ್ಷ ಕೆ. ಶಿವನ್ ಹೇಳಿದ್ದು ಮೂರೇ ಸಂಗತಿ: 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲವೂ ಸರಿಯಿತ್ತು, ಆಮೇಲೆ ಸಂಪರ್ಕ ಕಡಿಯಿತು, ಮಾಹಿತಿಯನ್ನು ಪರಿಶೀಲಿಸುತ್ತಿದ್ದೇವೆ. ಎಲ್ಲಿಯವರೆಗೆ ಸರಿಯಿತ್ತು, ಏನಾಯಿತು, ಈಗ ಏನು ನಡೆಯುತ್ತಿದೆ. ನಮ್ಮ ನಿರೂಪಕಿಗೂ ಅದೇ ಕ್ರಮ ಸಾಕು. “ಅತಿಥಿಗಳ ಮಾತು ಕೇಳುತ್ತಿದ್ದೆವು, ಸಂಪರ್ಕ ಕಡಿದಿದೆ, ಮತ್ತೆ ಜೋಡಿಸುತ್ತಿದ್ದೇವೆ. ಅಲ್ಲಿಯವರೆಗೆ ನೀವು ಕಳಿಸಿದ ಪ್ರಶ್ನೆಗಳಲ್ಲಿ ಎರಡನ್ನು ಓದುತ್ತೇನೆ.” ‘ತಾಂತ್ರಿಕ ಕಾರಣಗಳಿಂದ ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂದರೆ ವೀಕ್ಷಕರಿಗೆ ಏನೂ ತಿಳಿಯುವುದಿಲ್ಲ.

ಅತಿಥಿಯದಲ್ಲ, ನಮ್ಮದೇ ಇಂಟರ್‌ನೆಟ್ ಹೋದರೆ? ಸಭಾಂಗಣದಲ್ಲಿ ಫೈಬರ್ ಸಂಪರ್ಕ, ಜೊತೆಗೆ ಬೇರೆ ಕಂಪನಿಯ ಸಿಮ್ ಇರುವ 4ಜಿ ರೂಟರ್ ಇರಲಿ. ಕಳಿಸುವ ಪ್ರಸಾರ ಸೆಕೆಂಡಿಗೆ 5 ಮೆಗಾಬಿಟ್ ಆಗಿದ್ದರೆ ಅಪ್‌ಲೋಡ್ ವೇಗ ಕನಿಷ್ಠ ಅದರ ಎರಡರಷ್ಟಿರಬೇಕು. ಆ ವೇಗವನ್ನು ಮಧ್ಯಾಹ್ನ ಅಳೆದು ಸಮಾಧಾನಪಡಬೇಡಿ. ಸಂಜೆ ಸಭಾಂಗಣ ತುಂಬಿದಾಗ ಎಲ್ಲರ ಜೇಬಿನ ಮೊಬೈಲೂ ಅದೇ ಟವರನ್ನು ಹಂಚಿಕೊಳ್ಳುತ್ತವೆ, 4ಜಿ ಅರ್ಧಕ್ಕಿಳಿಯಬಹುದು. ತೊಂದರೆ ಎಲ್ಲಿದೆ ಎಂದು OBS ತಂತ್ರಾಂಶದ Stats ಕಿಟಕಿಯೇ ಹೇಳುತ್ತದೆ. `Dropped Frames (Network)` ಏರುತ್ತಿದ್ದರೆ ದೋಷ ಇಂಟರ್‌ನೆಟ್ಟಿನದು, ಆಗ 4ಜಿಗೆ ಬದಲಿಸಬೇಕು. `Skipped frames due to encoding lag` ಏರುತ್ತಿದ್ದರೆ ಕಂಪ್ಯೂಟರಿಗೇ ಭಾರ ಹೆಚ್ಚಾಗಿದೆ. ಆಗ ಸಂಪರ್ಕ ಬದಲಿಸಿದರೆ ಏನೂ ಸುಧಾರಿಸುವುದಿಲ್ಲ.

ಸಂಪರ್ಕ ಬದಲಿಸುವಾಗ ಪ್ರಸಾರ ಕೆಲವು ಸೆಕೆಂಡು ಕಡಿಯುತ್ತದೆ. ಯೂಟ್ಯೂಬಿನಲ್ಲಿ `Enable Auto-stop` ಎಂಬ ಆಯ್ಕೆ ಆನ್ ಆಗಿದ್ದರೆ, ಕಾರ್ಯಕ್ರಮ ಮುಗಿಯಿತೆಂದುಕೊಂಡು ಅದು ಪ್ರಸಾರವನ್ನು ಮುಚ್ಚಿಬಿಡಬಹುದು. ಆಗ ಹೊಸ ಲಿಂಕ್ ಮಾಡಬೇಕು. ಹಳೆಯ ಲಿಂಕ್ ಹಿಡಿದು ಕೂತವರು ಅಲ್ಲೇ ಉಳಿಯುತ್ತಾರೆ. ಅದನ್ನು ಮೊದಲೇ ಆಫ್ ಮಾಡಿದ್ದರೆ ಅದೇ ಕೀಯಿಂದ ಮತ್ತೆ ಜೋಡಿಸಿದಾಗ ಅದೇ ಲಿಂಕಿನಲ್ಲಿ ಪ್ರಸಾರ ಮುಂದುವರಿಯುತ್ತದೆ. ಸಂಜೆ 5 ಗಂಟೆಗೆ, ಖಾಸಗಿ ಪರೀಕ್ಷಾ ಪ್ರಸಾರ ನಡೆಯುತ್ತಿರುವಾಗ, ಫೈಬರ್ ಕೇಬಲನ್ನು ನಿಜವಾಗಿಯೂ ಕಿತ್ತು ನೋಡಿ. ಎಷ್ಟು ಸೆಕೆಂಡಿಗೆ ಚಿತ್ರ ಮರಳಿತು ಎಂಬುದನ್ನು ಹಾಳೆಯಲ್ಲಿ ಬರೆಯಿರಿ. ಕರೆಂಟಿಗೂ ಹೀಗೆಯೇ. ಜನರೇಟರ್ ಇದೆ ಎಂದರೆ ಸಾಲದು. ಅದು ಶುರುವಾಗುವವರೆಗೆ ಕ್ಯಾಮೆರಾ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತವೆ. ಬ್ಯಾಟರಿಯಿಲ್ಲದ ರೂಟರ್ ಮತ್ತು ಸೌಂಡ್ ಮಿಕ್ಸರ್ ಆರಿಹೋಗುತ್ತವೆ. ಯುಪಿಎಸ್ ಮೊದಲು ಸೇರಬೇಕಾದದ್ದು ಆ ಎರಡಕ್ಕೆ.

ಇಷ್ಟೆಲ್ಲ ಇದ್ದೂ ತಂಡದ ಕಣ್ಣು ತಪ್ಪಿಸುವ ದೋಷ ಒಂದಿದೆ. ಸಭಾಂಗಣದ ಸ್ಪೀಕರಿನಲ್ಲಿ ಹಾಡು ಚೆನ್ನಾಗಿ ಕೇಳುತ್ತಿರುತ್ತದೆ, ಪ್ರಸಾರದಲ್ಲಿ ಮಾತ್ರ ಧ್ವನಿಯೇ ಇರುವುದಿಲ್ಲ. ಮಿಕ್ಸರಿನಿಂದ ಕಂಪ್ಯೂಟರಿಗೆ ಹೋಗುವ ತಂತಿ ಸಡಿಲವಾದರೂ ಸಾಕು. ಒಳಗಿರುವ ಯಾರಿಗೂ ಇದು ಗೊತ್ತಾಗುವುದಿಲ್ಲ, ಏಕೆಂದರೆ ಅವರ ಕಿವಿಗೆ ಧ್ವನಿ ಬರುತ್ತಲೇ ಇದೆ. ಆದ್ದರಿಂದ ರನ್‌ಡೌನಿನಲ್ಲಿ ‘ವೀಕ್ಷಕ’ ಎಂಬ ಕೆಲಸಕ್ಕೇ ಒಬ್ಬರನ್ನು ನೇಮಿಸಬೇಕು. ಅವರು ಸಭಾಂಗಣದ ವೈಫೈ ಬಳಸದೆ ತಮ್ಮ ಮೊಬೈಲ್ ಡೇಟಾದಲ್ಲಿ, ಹೆಡ್‌ಫೋನ್ ಹಾಕಿ, ಬೇರೆ ಕೋಣೆಯಲ್ಲಿ ಕೂತು ಪೂರ್ತಿ ಕಾರ್ಯಕ್ರಮ ನೋಡುತ್ತಾರೆ. ಪ್ರತಿ ಭಾಗ ಬದಲಾದಾಗ “ಚಿತ್ರ ಇದೆ, ಧ್ವನಿ ಇದೆ” ಎಂದು ತಿಳಿಸುವುದಷ್ಟೇ ಅವರ ಹೊಣೆ. ಪ್ರಸಾರಕ್ಕೆ ಮುಂಚಿನ ಕಾಯುವ ಫಲಕದ ಹಿನ್ನೆಲೆಗೆ ಸಿನಿಮಾ ಹಾಡು ಹಾಕಿದ್ದರೆ ಅದನ್ನೂ ಅವರೇ ತಡೆಯಬೇಕು. ಹಕ್ಕುಸ್ವಾಮ್ಯವಿರುವ ಹಾಡನ್ನು ಯೂಟ್ಯೂಬ್ ತಾನಾಗಿ ಗುರುತಿಸಿ ಪ್ರಸಾರವನ್ನೇ ನಿಲ್ಲಿಸಬಹುದು. ನಿಮ್ಮ ಊರಿನ ಕಲಾವಿದರಿಂದ ತಂಬೂರಿ ಶ್ರುತಿಯನ್ನು ನೀವೇ ಧ್ವನಿಮುದ್ರಿಸಿಕೊಂಡರೆ ಆ ಭಯವಿಲ್ಲ.

ತಾಲೀಮಿಗೆ ಇಡೀ ಕಾರ್ಯಕ್ರಮ ನಡೆಸಬೇಕಾಗಿಲ್ಲ. ಒಂದು ಭಾಗದ ಕೊನೆಯ ಹತ್ತು ಸೆಕೆಂಡು, ಮುಂದಿನದರ ಮೊದಲ ಹತ್ತು ಸೆಕೆಂಡು, ಹೀಗೆ ಕೂಡುವ ಜಾಗಗಳನ್ನಷ್ಟೇ ನಡೆಸಿ ನೋಡಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಹಾಳೆಯ ಮೇಲೆ ‘ಆವೃತ್ತಿ 4, ಸಂಜೆ 5:30’ ಎಂದು ದೊಡ್ಡದಾಗಿ ಬರೆದು, ಹಳೆಯ ಪ್ರತಿಗಳನ್ನು ಎಲ್ಲರಿಂದ ವಾಪಸ್ ಪಡೆದು, ಹೊಸದನ್ನು ಹಂಚಬೇಕು. ಅದರ ನಂತರದ ಬದಲಾವಣೆ ಹಾಳೆಯ ಮೇಲಿಲ್ಲ, ಕ್ಯೂ ಕೊಡುವವರ ಬಾಯಿಂದ ಮಾತ್ರ.

ಭಾವಗೀತೆಗಳು 7:30ರಿಂದ 7:54, ವಂದನಾರ್ಪಣೆ ಮೂರು ನಿಮಿಷ, ಮುಕ್ತಾಯದ ಫಲಕ ಒಂದೂವರೆ ನಿಮಿಷ, ಅಲ್ಲಿಗೆ 7:58:30. ಪ್ರಸಾರ ತಡವಾಗಿ ತಲುಪುವುದರಿಂದ ಫಲಕ ಪೂರ್ತಿ ಅಷ್ಟು ಹೊತ್ತು ಉಳಿಯಲಿ, ಇಲ್ಲದಿದ್ದರೆ ಕೆಲವರಿಗೆ ವಂದನಾರ್ಪಣೆಯ ಕೊನೆಯೇ ಕಾಣಿಸದೆ ಹೋಗಬಹುದು. ಫಲಕ ಹಾಕುವ ಮೊದಲು ಎಲ್ಲ ಮೈಕ್ ಮುಚ್ಚಿರಬೇಕು. ಕಾರ್ಯಕ್ರಮ ಮುಗಿದ ಮೇಲಿನ ಖಾಸಗಿ ಮಾತುಗಳು ಹೊರಗೆ ಹೋಗುವುದು ಆಗಲೇ. Auto-stop ಆಫ್ ಇರುವುದರಿಂದ ಪ್ರಸಾರ ತಾನಾಗಿ ನಿಲ್ಲುವುದೂ ಇಲ್ಲ. ಯಾರಾದರೂ `End Stream` ಒತ್ತಬೇಕು. ಹಾಳೆಯ ಕೊನೆಯ ಸಾಲು ಅದೇ ಆಗಿರಲಿ, ಅದರ ಮುಂದೆ ತಪ್ಪದೆ ಒಬ್ಬರ ಹೆಸರು ಬರೆಯಿರಿ.